ಕಬ್ಬಿಣದ ಗೇಟು ಮತ್ತು ಕಿಟಕಿ ಗ್ರಿಲ್: ತುಕ್ಕು, ಪ್ರೈಮರ್, ರಕ್ಷಣಾ ಲೇಪ

ಗೇಟು, ಕಿಟಕಿಯ ಗ್ರಿಲ್, ಮೆಟ್ಟಿಲಿನ ಕಟಕಟೆ ಎಂದು ಮನೆಗಳಲ್ಲಿ ಕಾಣುವ ಕಬ್ಬಿಣದ ಕೆಲಸ ಬಹುಪಾಲು ಮೈಲ್ಡ್ ಸ್ಟೀಲಿನದು. ಇಂಗಾಲ ತೀರ ಕಡಿಮೆ ಇರುವ ಈ ಮೆದು ಉಕ್ಕನ್ನು ಬಗ್ಗಿಸುವುದು, ಬೆಸೆಯುವುದು ಸುಲಭ; ಬೆಲೆಯೂ ಕೈಗೆಟುಕುತ್ತದೆ. ಆದರೆ ತುಕ್ಕನ್ನು ತಡೆಯುವ ಗುಣ ಅದರೊಳಗೆ ಇಲ್ಲ. ಮೈಮೇಲಿನ ಲೇಪ ಎಷ್ಟು ದಿನ ಬಾಳುತ್ತದೋ ಅಷ್ಟು ದಿನ ಅದಕ್ಕೆ ರಕ್ಷಣೆ. ಹೊಸ ಗೇಟು ಮೊದಲ ಮಳೆಗಾಲದಲ್ಲೇ ಕಂದು ಬಣ್ಣಕ್ಕೆ ತಿರುಗಿದರೆ ಮನೆಯವರು ಕಬ್ಬಿಣವೇ ಸರಿಯಿಲ್ಲ ಎನ್ನುತ್ತಾರೆ, ವೆಲ್ಡಿಂಗ್ ಅಂಗಡಿಯವರು ಬಣ್ಣ ಸರಿಯಿಲ್ಲ ಎನ್ನುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ಎರಡೂ ಕಾರಣವಲ್ಲ. ವೆಲ್ಡಿಂಗ್ ಮುಗಿದ ದಿನದಿಂದ ಕೊನೆಯ ಬಣ್ಣ ಬೀಳುವ ದಿನದವರೆಗಿನ ತಿಂಗಳುಗಳಲ್ಲಿ, ಒಂದೇ ಕೈ ಪ್ರೈಮರಿನ ಅಡಿಯಲ್ಲಿ ತುಕ್ಕು ಆಗಲೇ ಬೇರು ಬಿಟ್ಟಿರುತ್ತದೆ.

ಶತಮಾನಗಳ ಮಳೆಗೆ ನಿಂತ ದೆಹಲಿಯ ಕಬ್ಬಿಣದ ಸ್ತಂಭಕ್ಕೆ ಇಲ್ಲದ ತುಕ್ಕು ಇಂದಿನ ಗೇಟಿಗೆ ಯಾಕೆ ಎಂಬ ಪ್ರಶ್ನೆ ಹಲವರದು. ಆ ಸ್ತಂಭದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದಾಗಿ ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳುಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ ಎಂದು ಕಾನ್ಪುರ ಐಐಟಿಯ ಲೋಹವಿಜ್ಞಾನಿಯಾಗಿದ್ದ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ರಂಜಕ ಉಕ್ಕನ್ನು ಪೆಡಸಾಗಿಸುವುದರಿಂದ ಇಂದಿನ ಕಾರ್ಖಾನೆಗಳು ಅದನ್ನು ಸಾಧ್ಯವಾದಷ್ಟು ತೆಗೆದುಹಾಕುತ್ತವೆ. ಹಾಗಾಗಿ ಎರಡು ಲೋಹಗಳ ಹೋಲಿಕೆ ಸಲ್ಲದು.

ತುಕ್ಕು ಹುಟ್ಟುವ ಬಗೆ

ತುಕ್ಕಿಗೆ ಕಬ್ಬಿಣ, ನೀರು, ಆಮ್ಲಜನಕ ಮೂರೂ ಒಂದೆಡೆ ಸೇರಬೇಕು. ಲೋಹದ ಒಂದು ಚುಕ್ಕೆಯಲ್ಲಿ ಕಬ್ಬಿಣ ಕರಗಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಪಕ್ಕದ ಇನ್ನೊಂದು ಚುಕ್ಕೆಯಲ್ಲಿ ನೀರು ಮತ್ತು ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತವೆ. ಮೊದಲನೆಯದು ಆನೋಡ್, ಎರಡನೆಯದು ಕ್ಯಾಥೋಡ್. ಎರಡರ ನಡುವೆ ವಿದ್ಯುತ್ತು ಹರಿಯುವ ಪುಟ್ಟ ಬ್ಯಾಟರಿಯೊಂದು ಒಂದೇ ಸರಳಿನ ಮೈಮೇಲೆ ಏರ್ಪಡುತ್ತದೆ. ಕರಗಿದ ಕಬ್ಬಿಣ ಗಾಳಿ ಸೇರಿ ಕಂದು ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ.

ಇದಕ್ಕೆ ಸುರಿಯುವ ಮಳೆಯೇ ಬೇಕಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 60 ದಾಟಿದರೆ ಕೊಳೆ ಕೂತ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ನಿಂತು ತುಕ್ಕಿನ ವೇಗ ಥಟ್ಟನೆ ಏರುತ್ತದೆ. ಬ್ರಿಟನ್ನಿನ ಡಬ್ಲ್ಯು. ಎಚ್. ಜೆ. ವರ್ನನ್ 1920 ಮತ್ತು 30ರ ದಶಕಗಳ ಪ್ರಯೋಗಗಳಲ್ಲಿ ಇದನ್ನು ತೋರಿಸಿಕೊಟ್ಟರು. ಉಪ್ಪಿನ ಕಣ ಬಿದ್ದಿದ್ದರೆ ಇನ್ನೂ ಕಡಿಮೆ ತೇವ ಸಾಕು, ಏಕೆಂದರೆ ಉಪ್ಪು ತಾನೇ ಗಾಳಿಯಿಂದ ನೀರನ್ನು ಹೀರುತ್ತದೆ. ಬೆಂಗಳೂರಿನಲ್ಲೂ ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವಾಂಶ ದಿನದ ಬಹುಪಾಲು ಈ ಮಿತಿಯ ಮೇಲೆಯೇ ಇರುತ್ತದೆ. ಕರಾವಳಿಯಲ್ಲಂತೂ ವರ್ಷವಿಡೀ ಹಾಗೆಯೇ.

ಹೊಸ ಕಬ್ಬಿಣದ ಮೇಲಿನ ಕಪ್ಪು ಪದರ

ಅಂಗಡಿಯಿಂದ ತಂದ ಹೊಸ ಪಟ್ಟಿ, ಚೌಕ ಸರಳುಗಳ ಮೈ ನೀಲಿಗಪ್ಪಾಗಿ, ನುಣ್ಣಗೆ ಇರುತ್ತದೆ. ನೋಡಿದವರಿಗೆ ಅದೇ ಕಬ್ಬಿಣದ ಬಣ್ಣ ಅನಿಸುತ್ತದೆ. ಅದು ಕಬ್ಬಿಣವಲ್ಲ. ಕೆಂಪಗೆ ಕಾದ ಉಕ್ಕನ್ನು ರೋಲಿಂಗ್ ಮಿಲ್ಲಿನಲ್ಲಿ ಎಳೆಯುವಾಗ ಗಾಳಿಯೊಡನೆ ಬೆರೆತು ಕಟ್ಟಿದ ಆಕ್ಸೈಡಿನ ಪದರ. ವೃತ್ತಿಯವರು ಮಿಲ್ ಸ್ಕೇಲ್ ಎನ್ನುತ್ತಾರೆ. ಗೇಟು ಬೇಗ ತುಕ್ಕು ಹಿಡಿಯುವುದಕ್ಕೆ ನನ್ನ ಎಣಿಕೆಯಲ್ಲಿ ಮೊದಲ ಕಾರಣ ಇದೇ, ಮತ್ತು ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದೂ ಇದಕ್ಕೇ.

ಪದರ ಒಡೆಯದೆ ಪೂರ್ತಿ ಮುಚ್ಚಿಕೊಂಡಿದ್ದರೆ ಅದೇ ಒಂದು ರಕ್ಷಣೆ. ಆದರೆ ಅದು ಗಾಜಿನಂತೆ ಪೆಡಸು. ಸರಳನ್ನು ಬಗ್ಗಿಸಿದಾಗ, ಕತ್ತರಿಸಿದಾಗ, ಸುತ್ತಿಗೆ ಬಿದ್ದಾಗ, ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿದಾಗ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಮಿಲ್ ಸ್ಕೇಲ್ ವಿದ್ಯುತ್ತನ್ನು ಹಾಯಿಸುತ್ತದೆ. ಉಕ್ಕಿನ ಪಕ್ಕ ಅದು ಕ್ಯಾಥೋಡ್ ಆಗಿ ನಿಲ್ಲುತ್ತದೆ. ಪರಿಣಾಮವಾಗಿ ಅಗಲವಾದ ಕಪ್ಪು ಪದರದ ಬಲವೆಲ್ಲ ಬಿರುಕಿನೊಳಗಿನ ಕಿರಿದಾದ ಉಕ್ಕಿನ ಮೇಲೆ ಬೀಳುತ್ತದೆ. ತುಕ್ಕು ಬಿರುಕಿನಿಂದ ಪಕ್ಕಕ್ಕೆ ನುಗ್ಗಿ ಪದರವನ್ನು ಎಬ್ಬಿಸುತ್ತದೆ, ಪದರ ತನ್ನ ಮೇಲಿನ ಪ್ರೈಮರನ್ನೂ ಬಣ್ಣವನ್ನೂ ಹೊತ್ತುಕೊಂಡೇ ಕಳಚುತ್ತದೆ. ಎದ್ದ ಬಣ್ಣದ ಚಕ್ಕೆಯನ್ನು ತಿರುಗಿಸಿ ನೋಡಬೇಕು. ಬೆನ್ನು ನೀಲಿಗಪ್ಪಾಗಿದ್ದರೆ ಕಾರಣ ಮಿಲ್ ಸ್ಕೇಲ್ ಎಂದು ತಿಳಿಯಬಹುದು. ಬಣ್ಣದ ಕಂಪನಿಯನ್ನು ದೂರಿ ಫಲವಿಲ್ಲ.

ಪದರ ಹೋಗಿದೆಯೋ ಇಲ್ಲವೋ ಎಂದು ತಿಳಿಯಲು ಅಡಿಕೆ ಬೆಳೆಗಾರರ ಮನೆಯಲ್ಲಿ ಇದ್ದೇ ಇರುವ ಮೈಲುತುತ್ತ ಸಾಕು. ಒಂದು ಲೋಟ ನೀರಿಗೆ ಎರಡು ಚಮಚ ಕರಗಿಸಿ, ಉಜ್ಜಿ ಒರೆಸಿದ ಜಾಗಕ್ಕೆ ಬಟ್ಟೆಯಿಂದ ಸವರಬೇಕು. ಬರಿಯ ಉಕ್ಕಿದ್ದಲ್ಲಿ ಕ್ಷಣದಲ್ಲೇ ತಾಮ್ರದ ಕೆಂಪು ಮೂಡುತ್ತದೆ. ಮಿಲ್ ಸ್ಕೇಲ್ ಉಳಿದಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ. ಅಂಟಿದ ತಾಮ್ರ ತಾನೇ ತುಕ್ಕನ್ನು ಪ್ರಚೋದಿಸುವುದರಿಂದ ಪರೀಕ್ಷೆ ಮಾಡಿದ ಜಾಗವನ್ನು ಮತ್ತೆ ಉಜ್ಜಿ ತೊಳೆದು ಒಣಗಿಸಬೇಕು. ಕತ್ತರಿಸಿ ಮಿಕ್ಕ ತುಂಡಿನ ಮೇಲೆ ಪರೀಕ್ಷಿಸಿದರೆ ಆ ಗೋಜೂ ಇಲ್ಲ.

ಸೇತುವೆ, ಕಾರ್ಖಾನೆಗಳ ಉಕ್ಕಿನಿಂದ ಈ ಪದರವನ್ನು ಗ್ರಿಟ್ ಬ್ಲಾಸ್ಟಿಂಗ್ ಮಾಡಿ, ಅಂದರೆ ಚೂಪಾದ ಕಣಗಳನ್ನು ಗಾಳಿಯ ಒತ್ತಡದಲ್ಲಿ ಚಿಮ್ಮಿಸಿ ತೆಗೆಯುತ್ತಾರೆ. ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದು ಸಿಗುವುದು ಅಪರೂಪ. ಅಲ್ಲಿರುವುದು ವೈರ್ ಬ್ರಷ್, ಎಮರಿ ಪೇಪರ್, ಕೈ ಗ್ರೈಂಡರ್. ಕೈಯ ವೈರ್ ಬ್ರಷ್ಷಿಗೆ ಬಿಡಿ ಚಕ್ಕೆ ಹೋಗುತ್ತದೆ, ಗಟ್ಟಿ ಪದರ ಹೋಗುವುದಿಲ್ಲ. ಗ್ರೈಂಡರಿಗೆ ಹಾಕುವ ತಂತಿಯ ಬಟ್ಟಲೂ ಅಷ್ಟೆ: ಪದರವನ್ನು ತೆಗೆಯುವ ಬದಲು ಉಜ್ಜಿ ಹೊಳಪು ಕೊಡುತ್ತದೆ, ಕೆಲಸ ಚೆನ್ನಾಗಿ ಆಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಗ್ರೈಂಡರಿಗೆ 60 ಅಥವಾ 80 ನಂಬರಿನ ಫ್ಲಾಪ್ ಡಿಸ್ಕ್ ಹಾಕಿ ಮೇಲ್ಮೈಯನ್ನು ಬೂದುಬಿಳಿ ಬಣ್ಣಕ್ಕೆ ತಂದರೆ ಪದರ ನಿಜವಾಗಿ ಹೋಗುತ್ತದೆ, ಪ್ರೈಮರ್ ಹಿಡಿಯಲು ಬೇಕಾದ ಸಣ್ಣ ಗೀರುಗಳೂ ಸಿಗುತ್ತವೆ. ಬಾಕ್ಸ್ ಪೈಪುಗಳಲ್ಲಿ ಕಪ್ಪು ಪದರ ಕಡಿಮೆ ಇದ್ದರೂ ಎಣ್ಣೆಯ ಪೊರೆ ಇರುತ್ತದೆ. ಉಜ್ಜುವ ಮೊದಲೇ ಅದನ್ನು ತಿನ್ನರ್ ಬಟ್ಟೆಯಿಂದ ಒರೆಸಬೇಕು. ಬಟ್ಟೆಯನ್ನು ಆಗಾಗ ಬದಲಿಸದಿದ್ದರೆ ಎಣ್ಣೆಯನ್ನು ಎಲ್ಲೆಡೆ ಹಚ್ಚಿದಂತಾಗುತ್ತದೆ. ಮೇಲೆ ಚಿಮುಕಿಸಿದ ನೀರು ಮಣಿಗಟ್ಟದೆ ಹರಡಿದರೆ ಎಣ್ಣೆ ಹೋಗಿದೆ ಎಂದರ್ಥ.

ಬೆಸುಗೆಯ ಜಾಗ

ಗ್ರಿಲ್ಲಿನಲ್ಲಿ ತುಕ್ಕು ಮೊದಲು ಕಾಣುವುದು ಬೆಸುಗೆಯ ಸುತ್ತ. ವೆಲ್ಡಿಂಗ್ ರಾಡಿನ ಲೇಪ ಸುಟ್ಟು ಉಳಿದ ಸ್ಲ್ಯಾಗ್ ಗಾಜಿನಂಥ ಹೊರಪೊರೆಯಾಗಿ ಕೂತಿರುತ್ತದೆ. ಅದನ್ನು ಕುಟ್ಟಿ ತೆಗೆಯದೆ ಪ್ರೈಮರ್ ಬಳಿದರೆ ಪ್ರೈಮರ್ ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಸ್ಲ್ಯಾಗಿನ ಉಳಿಕೆ ತೇವವನ್ನು ಎಳೆದುಕೊಂಡು ಬಣ್ಣದ ಕೆಳಗೆ ಗುಳ್ಳೆ ಎಬ್ಬಿಸುತ್ತದೆ. ಕಿಡಿಹಾರಿ ಅಂಟಿದ ಲೋಹದ ಮಣಿಗಳ ತುದಿಯಲ್ಲಿ ಬಣ್ಣ ನಿಲ್ಲುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಚುಕ್ಕೆ ಬೆಸುಗೆ. ಪಟ್ಟಿಯ ಮೇಲೆ ಪಟ್ಟಿ ಇಟ್ಟು ಎರಡು ಮೂಲೆಗೆ ಮಾತ್ರ ಬೆಸೆದರೆ ನಡುವೆ ಕಾಗದದಷ್ಟು ಸಂದಿ ಉಳಿಯುತ್ತದೆ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ, ನೀರು ಹೋಗುತ್ತದೆ, ಹೋದ ನೀರು ಒಣಗುವುದಿಲ್ಲ. ಮಳೆ ಬಂದ ಮರುದಿನ ಗ್ರಿಲ್ಲಿನ ಕೂಡುಗಳಿಂದ ಗೋಡೆಗೆ ಇಳಿಯುವ ಕಂದು ಗೆರೆಗಳು ಈ ಸಂದಿಯವು. ಮೇಲೆ ಎಷ್ಟು ಕೈ ಬಣ್ಣ ಬಳಿದರೂ ಅವು ನಿಲ್ಲುವುದಿಲ್ಲ. ಕೂಡನ್ನು ಸುತ್ತಲೂ ಪೂರ್ತಿ ಬೆಸೆಯುವುದೊಂದೇ ಸರಿಯಾದ ದಾರಿ. ಆಗದಿದ್ದರೆ ಪ್ರೈಮರ್ ಒಣಗಿದ ಮೇಲೆ ಬಣ್ಣ ಹಿಡಿಯುವ ಪಾಲಿಯುರೆಥೇನ್ ಸೀಲೆಂಟಿನಿಂದ ಸಂದಿ ಮುಚ್ಚಬೇಕು. ಬಾಕ್ಸ್ ಪೈಪಿನ ತುದಿಗಳಿಗೂ ಇದೇ ಮಾತು. ತುದಿ ತೆರೆದಿದ್ದರೆ ಗೇಟು ಒಳಗಿನಿಂದ ಸವೆಯುತ್ತದೆ, ಹೊರಗಿನ ಬಣ್ಣ ಚೆಂದವಿರುವಾಗಲೇ ಕೆಳಪೈಪು ತೂತಾಗುತ್ತದೆ.

ರೆಡ್ ಆಕ್ಸೈಡ್: ಏನು ಮಾಡುತ್ತದೆ, ಏನು ಮಾಡದು

ಹೊಸ ಗ್ರಿಲ್ ಎಂದರೆ ಇಟ್ಟಿಗೆಗೆಂಪು ಬಣ್ಣದ್ದು ಎಂಬಷ್ಟು ರೆಡ್ ಆಕ್ಸೈಡ್ ಪ್ರೈಮರ್ ನಮ್ಮಲ್ಲಿ ಬಳಕೆಯಲ್ಲಿದೆ. ಅದರ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ಈ ಪುಡಿ ಜಡ. ತುಕ್ಕನ್ನು ರಾಸಾಯನಿಕವಾಗಿ ತಡೆಯುವ ಶಕ್ತಿ ಅದಕ್ಕಿಲ್ಲ. ಹಿಂದಿನ ಕಾಲದ ಸೀಸದ ಕೆಂಪಿಗೆ ಆ ಶಕ್ತಿಯಿತ್ತು, ಆದರೆ ಸೀಸ ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂದು ಭಾರತ ಸರ್ಕಾರದ 2016ರ ನಿಯಮ ಹೇಳುತ್ತದೆ. ಭಾರತೀಯ ಮಾನಕ ಐಎಸ್ 2074ರ ರೆಡ್ ಆಕ್ಸೈಡ್ ಪ್ರೈಮರಿಗೆ ಜತೆಯಾದ ಜಿಂಕ್ ಕ್ರೋಮೇಟಿಗೂ ತಡೆಯುವ ಗುಣವಿದೆ, ಆದರೆ ಅದರ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಈಗ ಇವುಗಳ ಜಾಗಕ್ಕೆ ಬರುತ್ತಿರುವುದು ಜಿಂಕ್ ಫಾಸ್ಫೇಟ್. ಕೊಳ್ಳುವಾಗ ಕೆಂಪು ಬಣ್ಣ ನೋಡಿ ತೃಪ್ತಿಪಡದೆ ಡಬ್ಬದ ಮೇಲೆ ಜಿಂಕ್ ಫಾಸ್ಫೇಟ್ ಎಂದಿದೆಯೇ ಎಂದು ಓದುವುದು ಒಳ್ಳೆಯದು.

ರೆಡ್ ಆಕ್ಸೈಡನ್ನು ಮಳೆಗೆ ಒಡ್ಡಲು ಮಾಡಿದ್ದಲ್ಲ ಎಂಬುದನ್ನು ಮುಖ್ಯವಾಗಿ ತಿಳಿಯಬೇಕು. ಮೇಲಿನ ಬಣ್ಣ ಚೆನ್ನಾಗಿ ಕಚ್ಚಲೆಂದು ಅದರಲ್ಲಿ ಪುಡಿಯ ಪಾಲು ಹೆಚ್ಚು, ಅಂಟಿನ ಪಾಲು ಕಡಿಮೆ ಇಟ್ಟಿರುತ್ತಾರೆ. ಅದೇ ಕಾರಣಕ್ಕೆ ಅದರ ಪೊರೆ ರಂಧ್ರಮಯ. ನೀರು ನಿಧಾನವಾಗಿ ಒಳಗಿಳಿಯುತ್ತದೆ. ನಮ್ಮ ಮನೆ ಕಟ್ಟುವ ಕ್ರಮದಲ್ಲಿ ಗ್ರಿಲ್ಲು ಗೋಡೆಗೆ ಕೂರುವುದು ಪ್ಲಾಸ್ಟರಿಂಗ್‌ಗಿಂತ ಮೊದಲು, ಎನಾಮಲ್ ಬೀಳುವುದು ಎಲ್ಲ ಕೆಲಸ ಮುಗಿದ ಮೇಲೆ. ನಡುವಿನ ನಾಲ್ಕಾರು ತಿಂಗಳು ಒಂದು ಕೈ ರೆಡ್ ಆಕ್ಸೈಡ್ ಮಾತ್ರ ಹೊದ್ದ ಕಬ್ಬಿಣದ ಮೇಲೆ ಕ್ಯೂರಿಂಗ್ ನೀರು, ಸಿಮೆಂಟಿನ ಗಂಜಿ, ಮಳೆ ಎಲ್ಲ ಬೀಳುತ್ತವೆ. ಹಸಿ ಸಿಮೆಂಟಿನ ಕ್ಷಾರ ಈ ಪ್ರೈಮರಿನೊಳಗಿನ ಎಣ್ಣೆಯಂಶವನ್ನು ಸಾಬೂನಾಗಿಸಿ ಮೆತ್ತಗಾಗಿಸುತ್ತದೆ. ಪೇಂಟರ್ ಕೊನೆಗೆ ಬಂದಾಗ ಪ್ರೈಮರ್ ಕೆಂಪು, ತುಕ್ಕೂ ಹೆಚ್ಚುಕಡಿಮೆ ಅದೇ ಕೆಂಪು. ಎರಡನ್ನೂ ಬೇರೆಮಾಡದೆ ಮೇಲೆ ಎನಾಮಲ್ ಬಳಿದುಬಿಡುತ್ತಾರೆ. ಬೂದುಬಣ್ಣದ ಪ್ರೈಮರ್ ಆರಿಸಿದರೆ ತುಕ್ಕು ಎಲ್ಲೆದ್ದರೂ ಕಣ್ಣಿಗೆ ಬೀಳುತ್ತದೆ.

ದಪ್ಪದ ಲೆಕ್ಕ

ಪ್ರೈಮರ್ ಒಳ್ಳೆಯದೇ ಆಗಿದ್ದರೂ ಪೊರೆ ತೆಳುವಾದರೆ ಪ್ರಯೋಜನವಿಲ್ಲ. ದಪ್ಪವನ್ನು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಲ್ಲಿ ಅಳೆಯುತ್ತಾರೆ. ರೆಡ್ ಆಕ್ಸೈಡಿನಂಥ ಎಣ್ಣೆ ಮೂಲದ ಪ್ರೈಮರ್ ಒಂದು ಕೈಗೆ ಒಣಗಿದ ಮೇಲೆ 30ರಿಂದ 40 ಮೈಕ್ರಾನ್ ನಿಲ್ಲಬೇಕು.

ಅಳೆಯುವ ಉಪಕರಣ ಎಲ್ಲರಲ್ಲೂ ಇರುವುದಿಲ್ಲ. ಆದರೆ ಡಬ್ಬ ಎಷ್ಟು ಖರ್ಚಾಯಿತೆಂದು ನೋಡಿ ದಪ್ಪವನ್ನು ಊಹಿಸಬಹುದು. ಉದಾಹರಣೆಗೆ ನಾಲ್ಕಡಿ ಚೌಕದ ಒಂದು ಗ್ರಿಲ್ ಎಂದುಕೊಳ್ಳೋಣ. ಹತ್ತು ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರಿನ 11 ಚೌಕ ಸರಳು, ಸುತ್ತ ಚೌಕಟ್ಟಿಗೂ ನಡುವೆ ಎರಡು ಅಡ್ಡಕ್ಕೂ 25 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಪಟ್ಟಿ. ಎಲ್ಲ ಮುಖಗಳನ್ನೂ ಕೂಡಿಸಿದರೆ ಬಳಿಯಬೇಕಾದ ಮೇಲ್ಮೈ ಸುಮಾರು ಒಂದು ಚದರ ಮೀಟರ್. ಪ್ರೈಮರಿನಲ್ಲಿ ಅರ್ಧದಷ್ಟು ಒಣಗಿ ಆವಿಯಾಗುತ್ತದೆ ಎಂದು ಹಿಡಿದರೆ, 40 ಮೈಕ್ರಾನ್ ಉಳಿಯಲು 80 ಮೈಕ್ರಾನ್ ಹಸಿ ಪೊರೆ ಬೇಕು. ಅಂದರೆ 80 ಮಿಲಿಲೀಟರ್‌ಗಿಂತ ತುಸು ಹೆಚ್ಚು. ಕಿರಿದಾದ ಸರಳಿಗೆ ಬ್ರಷ್ಷಿನಲ್ಲಿ ಬಳಿಯುವಾಗ ಮೂರರಲ್ಲೊಂದು ಭಾಗ ಸೋರಿಹೋಗುವುದು ಸಹಜ. ಒಟ್ಟಿನಲ್ಲಿ ಗ್ರಿಲ್ಲಿಗೆ ಕೈಯೊಂದಕ್ಕೆ 130 ಮಿಲಿಲೀಟರ್, ಎಂಟು ಗ್ರಿಲ್ಲಿಗೆ ಒಂದು ಲೀಟರ್. ಅರ್ಧ ಲೀಟರ್ ಪ್ರೈಮರಿಗೆ ಅಷ್ಟೇ ತಿನ್ನರ್ ಸುರಿದು ಎಂಟು ಗ್ರಿಲ್ ಮುಗಿಸಿದ್ದರೆ ಮೇಲೆ ಉಳಿದಿರುವುದು 20 ಮೈಕ್ರಾನಿಗೂ ಕಡಿಮೆ. ಗೀರಿದ ಉಕ್ಕಿನ ಏರುಗಳನ್ನು ಮುಚ್ಚಲು ಅದು ಸಾಲದು. ಎರಡು ಮಳೆಗೆ ಎಲ್ಲೆಡೆ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಒಟ್ಟಿಗೇ ಎದ್ದರೆ ಕಾರಣ ಈ ತೆಳುತನ.

ಸರಳಿನ ಅಂಚುಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ಹಾಗಾಗಿ ಅಲ್ಲಿನ ಪೊರೆ ಸಪಾಟು ಮುಖದ್ದಕ್ಕಿಂತ ಬಹಳ ತೆಳು. ಅಂಚನ್ನು ಫ್ಲಾಪ್ ಡಿಸ್ಕಿನಿಂದ ಸ್ವಲ್ಪ ದುಂಡಗೆ ಮಾಡಿ, ಪೂರ್ತಿ ಬಳಿಯುವ ಮೊದಲು ಅಂಚು, ಬೆಸುಗೆ, ಮೂಲೆಗಳಿಗೆ ಸಣ್ಣ ಬ್ರಷ್ಷಿನಿಂದ ಒಂದು ಕೈ ಹೆಚ್ಚಿಗೆ ಕೊಡಬೇಕು. ಇದಕ್ಕೆ ಸ್ಟ್ರೈಪ್ ಕೋಟ್ ಎನ್ನುತ್ತಾರೆ. ದುಬಾರಿ ಬಣ್ಣಕ್ಕಿಂತ ಈ ಒಂದು ಕೆಲಸದಿಂದ ಸಿಗುವ ಬಾಳಿಕೆ ಹೆಚ್ಚು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಒಳನಾಡಿಗೆ ಹೊಂದುವ ಕ್ರಮ ಹೀಗೆ. ಉಜ್ಜಿ ಒರೆಸಿದ ದಿನವೇ, ಸಂಜೆಯ ತೇವ ಇಳಿಯುವ ಮೊದಲು ಜಿಂಕ್ ಫಾಸ್ಫೇಟ್ ಪ್ರೈಮರಿನ ಮೊದಲ ಕೈ. ಮರುದಿನ ಎರಡನೆಯದು. ಅಂಗಡಿಯಿಂದ ಹೊರಡುವ ಮೊದಲೇ ಒಂದು ಕೈ ಎನಾಮಲ್ ಹಾಕಿಸಿದರೆ ಕಟ್ಟಡದ ತಿಂಗಳುಗಳನ್ನು ಗ್ರಿಲ್ ಸುರಕ್ಷಿತವಾಗಿ ಕಳೆಯುತ್ತದೆ. ಪ್ಲಾಸ್ಟರಿಂಗ್ ಆದ ಮೇಲೆ ಸಿಮೆಂಟಿನ ಕಲೆಗಳನ್ನು ಅವತ್ತೇ ತೊಳೆದು, ಪೆಟ್ಟು ಬಿದ್ದ ಜಾಗವನ್ನು ಉಕ್ಕು ಕಾಣುವವರೆಗೆ ಉಜ್ಜಿ, ಪ್ರೈಮರ್ ತೇಪೆ ಹಾಕಿ, ಕೊನೆಗೆ ಎನಾಮಲಿನ ಮತ್ತೊಂದು ಕೈ. ಒಟ್ಟು ದಪ್ಪ 120 ಮೈಕ್ರಾನಿನ ಆಸುಪಾಸಿಗೆ ಬರುತ್ತದೆ. ಡಿಸೆಂಬರಿನ ಬೆಳಗಿನ ಜಾವ ಹೊರಗಿನ ಕಬ್ಬಿಣ ಗಾಳಿಗಿಂತಲೂ ತಣ್ಣಗಾಗಿ ಮೇಲೆ ಇಬ್ಬನಿ ಕೂತಿರುತ್ತದೆ. ಲೋಹದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬುದು ಬಣ್ಣದ ಕೆಲಸದ ನಿಯಮ. ಬಿಸಿಲು ಬಿದ್ದು ಒಂದೆರಡು ಗಂಟೆ ಕಾಯುವುದು ಅದನ್ನು ಪಾಲಿಸುವ ಸುಲಭ ದಾರಿ.

ಎಪಾಕ್ಸಿ ಮತ್ತು ಸತು

ಎಪಾಕ್ಸಿ ಪ್ರೈಮರ್ ಎರಡು ಡಬ್ಬದ್ದು. ಬೇಸ್‌ಗೆ ಹಾರ್ಡನರ್ ಬೆರೆಸಿದ ಮೇಲೆ ಗಟ್ಟಿಯಾಗುತ್ತದೆ. ನೀರನ್ನೂ ಕ್ಷಾರವನ್ನೂ ರೆಡ್ ಆಕ್ಸೈಡಿಗಿಂತ ಬಹಳ ಚೆನ್ನಾಗಿ ತಡೆಯುವುದರಿಂದ ಗೋಡೆಯೊಳಗೆ ಹುಗಿಯುವ ಸರಳಿನ ತುದಿಗಳಿಗೆ ಇದೇ ಸರಿ. ಬೆರೆಸುವ ಪ್ರಮಾಣ ಡಬ್ಬ ಹೇಳಿದಂತೆಯೇ ಇರಬೇಕು. ಅಂದಾಜಿನಲ್ಲಿ ಹಾರ್ಡನರ್ ಕಡಿಮೆ ಮಾಡಿದರೆ ತಿಂಗಳಾದರೂ ಉಗುರಿಗೆ ಮೆತ್ತಗೇ ಸಿಗುತ್ತದೆ. ಎಪಾಕ್ಸಿಗೆ ಬಿಸಿಲು ಆಗದು. ಮೇಲ್ಮೈ ಸೀಮೆಸುಣ್ಣದಂತೆ ಪುಡಿಯೇಳುತ್ತದೆ. ಹಾಗಾಗಿ ಮೇಲೆ ಪಾಲಿಯುರೆಥೇನ್ ಬಣ್ಣ, ಅಂದರೆ ಪಿಯು, ಇರಬೇಕು. ಅನುಕ್ರಮದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯವರು ಮೊದಲೇ ರೆಡ್ ಆಕ್ಸೈಡ್ ಬಳಿದು ಕಳಿಸಿದ ಗ್ರಿಲ್ಲಿನ ಮೇಲೆ ಎಪಾಕ್ಸಿ ಅಥವಾ ಪಿಯು ಬಳಿದರೆ ಅವುಗಳ ಕಟುವಾದ ತಿನ್ನರ್ ಕೆಳಗಿನ ಪೊರೆಯನ್ನು ಕದಡಿ ಸುಕ್ಕುಗಟ್ಟಿಸುತ್ತದೆ. ಎಪಾಕ್ಸಿ ಬೇಕೆಂದಿದ್ದರೆ ಗ್ರಿಲ್ ಆರ್ಡರ್ ಕೊಡುವ ದಿನವೇ ರೆಡ್ ಆಕ್ಸೈಡ್ ಬೇಡವೆಂದು ಹೇಳಿರಬೇಕು.

ಬಣ್ಣಗಳೆಲ್ಲ ಅಡ್ಡಗೋಡೆಗಳು, ಗೀರು ಬಿದ್ದಲ್ಲಿ ಕಾವಲು ಮುಗಿಯಿತು. ಸತುವಿನ ರೀತಿ ಬೇರೆ. ಕಬ್ಬಿಣಕ್ಕಿಂತ ಸುಲಭವಾಗಿ ಕರಗುವ ಸತು ಗೀರಿನ ಪಕ್ಕದಲ್ಲಿ ತಾನು ಆನೋಡ್ ಆಗಿ ಕರಗುತ್ತ ಕಬ್ಬಿಣವನ್ನು ಉಳಿಸುತ್ತದೆ. ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ ಕ್ರಮವೇ ಇಂದಿನ ಹಾಟ್ ಡಿಪ್ ಗ್ಯಾಲ್ವನೈಸಿಂಗ್‌ನ ಮೂಲ: ಆಮ್ಲದಲ್ಲಿ ತೊಳೆದು ಮಿಲ್ ಸ್ಕೇಲ್ ಕಳೆದ ಉಕ್ಕನ್ನು ಸುಮಾರು 450 ಡಿಗ್ರಿಯ ಸತುವಿನಲ್ಲಿ ಅದ್ದುತ್ತಾರೆ. ಲೋಹದ ದಪ್ಪಕ್ಕೆ ತಕ್ಕಂತೆ ಸುಮಾರು 50ರಿಂದ 85 ಮೈಕ್ರಾನ್ ಸತು ಕೂರುತ್ತದೆ. ಬೆಸುಗೆ ಪೂರ್ತಿ ಮುಗಿದ ಮೇಲೆಯೇ ಅದ್ದಬೇಕು, ಮುಚ್ಚಿದ ಪೈಪುಗಳಿಗೆ ಗಾಳಿ ಹೋಗುವ ರಂಧ್ರ ಇರಲೇಬೇಕು. ಇಲ್ಲವಾದರೆ ಒಳಗೆ ಸಿಕ್ಕ ತೇವ ಆವಿಯಾಗಿ ತೊಟ್ಟಿಯಲ್ಲಿ ಪೈಪು ಸಿಡಿಯಬಹುದು.

ಜಿಐ ಪೈಪು ತಂದು ಬೆಸೆದು ಗೇಟು ಮಾಡುವುದು ಇನ್ನೊಂದು ರೂಢಿ. ಸತು 907 ಡಿಗ್ರಿಗೆ ಕುದಿಯುವುದರಿಂದ ಬೆಸುಗೆಯ ಸುತ್ತ ಅದು ಹಾರಿಹೋಗುತ್ತದೆ. ಆ ಹೊಗೆ ಕುಡಿದ ವೆಲ್ಡರಿಗೆ ಜ್ವರ ಬರುವುದೂ ಉಂಟು. ಬರಿದಾದ ಜಾಗವನ್ನು ಹೊಳೆಯುವಂತೆ ಉಜ್ಜಿ ಜಿಂಕ್ ರಿಚ್ ಪ್ರೈಮರ್ ಬಳಿಯಬೇಕು. ಇದರ ಒಣ ಪೊರೆಯಲ್ಲಿ ತೂಕದ ಶೇ. 80ರಷ್ಟಾದರೂ ಸತುವಿನ ಪುಡಿ ಇದ್ದರೆ, ಮತ್ತು ಅದು ಬರಿಯ ಉಕ್ಕನ್ನು ಮುಟ್ಟಿದರೆ ಮಾತ್ರ ಸತುವಿನ ಕಾವಲು ಸಿಗುತ್ತದೆ. ತುಕ್ಕಿನ ಮೇಲೆ, ಹಳೆ ಪ್ರೈಮರಿನ ಮೇಲೆ ಬಳಿದರೆ ಅದು ಬರೀ ದುಬಾರಿ ಬೂದುಬಣ್ಣ. ಗ್ಯಾಲ್ವನೈಸ್ ಆದ ಮೈಗೆ ನೇರವಾಗಿ ಎನಾಮಲ್ ಬಳಿಯುವುದೂ ತಪ್ಪು. ಎನಾಮಲಿನ ಎಣ್ಣೆ ಸತುವಿನೊಡನೆ ಸೇರಿ ಸಾಬೂನಿನ ಪದರವಾಗಿ, ಒಂದೆರಡು ವರ್ಷದಲ್ಲಿ ಬಣ್ಣ ಹಾಳೆಹಾಳೆಯಾಗಿ ಸುಲಿಯುತ್ತದೆ. ನಡುವೆ ಎಚ್ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಇರಬೇಕು.

ಕರಾವಳಿಯ ಮಾತು ಬೇರೆ

ಮಂಗಳೂರು, ಉಡುಪಿ, ಕಾರವಾರದ ಕಡಲಂಚಿನಲ್ಲಿ ಒಳನಾಡಿನ ಕ್ರಮ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಮಾನಕ ಐಎಸ್ಒ 9223 ಗಾಳಿಯ ತುಕ್ಕುಕಾರಕತೆಯನ್ನು ದರ್ಜೆಗಳಾಗಿ ವಿಂಗಡಿಸಿದೆ: ಮಧ್ಯಮ ದರ್ಜೆಯಲ್ಲಿ ಬರಿಯ ಉಕ್ಕು ಮೊದಲ ವರ್ಷ 25ರಿಂದ 50 ಮೈಕ್ರಾನ್ ಸವೆದರೆ, ಅತಿ ತೀವ್ರ ದರ್ಜೆಯಲ್ಲಿ 80ರಿಂದ 200 ಮೈಕ್ರಾನ್. ಉಪ್ಪಿನ ಕಣ ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡರೆ ಪೊರೆಯ ಮೂಲಕ ನೀರನ್ನು ಎಳೆದು ಗುಳ್ಳೆ ಎಬ್ಬಿಸುತ್ತದೆ. ಅಲ್ಲಿ ಉಜ್ಜುವುದಷ್ಟೇ ಸಾಲದು. ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಬಳಿಯಬೇಕು, ಎರಡು ಕೈಗಳ ನಡುವೆ ದಿನಗಳು ಕಳೆದಿದ್ದರೆ ಮತ್ತೆ ತೊಳೆಯಬೇಕು. ಆ ಭಾಗದ ಮನೆಗಳಲ್ಲಿ ಮಳೆಗೆ ನೇರ ಒಡ್ಡಿದ ಗೇಟಿಗಿಂತ ಸಜ್ಜೆಯ ಕೆಳಗಿನ ಗ್ರಿಲ್ ಮೊದಲು ಹಾಳಾಗುವುದನ್ನು ಕಾಣಬಹುದು. ಗೇಟಿನ ಉಪ್ಪನ್ನು ಮಳೆ ತೊಳೆಯುತ್ತದೆ; ಸಜ್ಜೆಯಡಿಯ ಗ್ರಿಲ್ಲಿನ ಮೇಲೆ ಅದು ವರ್ಷಗಟ್ಟಲೆ ಕೂಡುತ್ತ ಹೋಗುತ್ತದೆ. ತಿಂಗಳಿಗೊಮ್ಮೆ ಪೈಪು ಹಿಡಿದು ತೊಳೆದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಕಡಲಿಗೆ ಸಮೀಪದಲ್ಲಿ ಹಾಟ್ ಡಿಪ್ ಸತು, ಅದರ ಮೇಲೆ ಎಪಾಕ್ಸಿ ಮತ್ತು ಪಿಯು ಎಂಬ ಜೋಡಿಲೇಪವೇ ನನಗೆ ಖರ್ಚಿಗೆ ತಕ್ಕದ್ದೆನಿಸುತ್ತದೆ.

ಪೌಡರ್ ಕೋಟಿಂಗ್ ಬಗ್ಗೆಯೂ ಕೇಳುವವರಿದ್ದಾರೆ. ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿಗೆ ಬೇಯಿಸಿದ ಈ ಪೊರೆ 60ರಿಂದ 80 ಮೈಕ್ರಾನ್ ದಪ್ಪ, ನೋಟಕ್ಕೆ ಅಂದ. ಕೆಳಗೆ ಫಾಸ್ಫೇಟ್ ಸಂಸ್ಕಾರವಾಗಿದ್ದರೆ ಗಟ್ಟಿ. ಆದರೆ ಗೇಟನ್ನು ಮನೆಗೆ ತಂದು ಕಂಬಕ್ಕೆ ಬೆಸೆದರೆ ಅಲ್ಲಿ ಪೊರೆ ಸುಟ್ಟುಹೋಗುತ್ತದೆ, ಒಲೆಯಿಲ್ಲದೆ ಅದನ್ನು ಸರಿಪಡಿಸಲಾಗದು. ಬೋಲ್ಟಿನಿಂದ ಕೂರಿಸುವ ಗೇಟಿಗೆ ಮಾತ್ರ ಅದು ಸೂಕ್ತ.

ತುಕ್ಕು ಎದ್ದ ಮೇಲೆ

ಹೊಸ ಗ್ರಿಲ್ಲಿನಲ್ಲಿ ತುಕ್ಕು ಕಂಡರೆ ಮೊದಲು ಅಂಟಿನ ಪರೀಕ್ಷೆ ಮಾಡಬೇಕು. ಬ್ಲೇಡಿನಿಂದ ಲೋಹದವರೆಗೆ ಚಿಕ್ಕ ಚೌಕಗಳ ಜಾಲರಿ ಗೀರಿ, ಗಟ್ಟಿ ಟೇಪ್ ಅಂಟಿಸಿ, ಎಳೆಯಬೇಕು. ಚೌಕಗಳು ಟೇಪಿನ ಜತೆ ಬಂದರೆ ಹಳೆ ಲೇಪವನ್ನು ಪೂರ್ತಿ ತೆಗೆಯದೆ ವಿಧಿಯಿಲ್ಲ. ಉಳಿದರೆ ತುಕ್ಕು ಹಿಡಿದ ಜಾಗದಲ್ಲಷ್ಟೇ ತೇಪೆ ಸಾಕು: ಸುತ್ತ ಗಟ್ಟಿ ಬಣ್ಣ ಸಿಗುವವರೆಗೆ ಉಜ್ಜಿ, ಹಳೆ ಬಣ್ಣದ ಅಂಚನ್ನು ಇಳಿಜಾರಾಗಿ ಸವೆಸಿ, ಪ್ರೈಮರ್ ಎರಡು ಕೈ, ಬಣ್ಣ ಎರಡು ಕೈ.

ರಸ್ಟ್ ಕನ್ವರ್ಟರ್ ಎಂದು ಮಾರುವ ದ್ರವದಲ್ಲಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಗಟ್ಟಿಯಾಗಿ ಅಂಟಿದ ತೆಳು ತುಕ್ಕನ್ನು ಅದು ಕಪ್ಪಾದ, ಸ್ಥಿರವಾದ ಪದರವಾಗಿ ಮಾರ್ಪಡಿಸುತ್ತದೆ; ಬ್ರಷ್ ಹೋಗದ ಮೂಲೆಗಳಲ್ಲಿ ಉಪಯುಕ್ತ. ಚಕ್ಕೆಯೇಳುವ ತುಕ್ಕಿನ ಒಳಪದರಕ್ಕೆ ಅದು ಇಳಿಯುವುದಿಲ್ಲ, ಉಪ್ಪನ್ನು ತೆಗೆಯುವುದಿಲ್ಲ, ಮಿಲ್ ಸ್ಕೇಲಿನ ಮೇಲೆ ಏನೂ ಮಾಡುವುದಿಲ್ಲ. ಗೇಟಿನ ಕೆಳಪೈಪನ್ನು ಬೆರಳಿನಿಂದ ತಟ್ಟಿದಾಗ ಒಳಗೆ ಪುಡಿ ಸರಿದ ಸದ್ದು ಬಂದರೆ ಸವೆತ ಒಳಗಿನದು. ಆಗ ಪೈಪಿನ ತಳಕ್ಕೆ ನೀರಿಳಿಯಲು 6 ಮಿಲಿಮೀಟರಿನ ರಂಧ್ರಗಳನ್ನು ಕೊರೆದು, ನೀರು ಒಳಹೋಗುವ ಮೇಲಿನ ಸಂದಿಗಳನ್ನು ಮುಚ್ಚಿಸಬೇಕು. ಗೋಡೆ ತೀರ ತೆಳುವಾಗಿದ್ದರೆ ಆ ಪೈಪನ್ನೇ ಕತ್ತರಿಸಿ ಬದಲಿಸಬೇಕು.